ಮಷೀನು ಬರೆಯುವ ಕನ್ನಡಕ್ಕೆ ಒಂಟಿಗೆರೆ ಬೇಕು

ಸೀದಾ ವಿಷಯಕ್ಕೆ ಬರ್ತೀನಿ. ಲೇಸರ್ ಕಟ್ಟರ್, ಸಿಎನ್‌ಸಿ ಮಷೀನುಗಳಲ್ಲಿ ಸಣ್ಣ ಅಕ್ಷರ ಕೆತ್ತೋದಕ್ಕೆ ಕನ್ನಡಕ್ಕೊಂದು ಒಂಟಿಗೆರೆ ಫಾಂಟ್ ಬೇಕು. ಇಂಗ್ಲಿಷಿಗೆ ಇದು 1967ರಿಂದಲೇ ಇದೆ. ನಮಗೆ ಬೇಕಾಗಿರೋದು ಇನ್ನೊಂದು ಚಂದದ ಫಾಂಟ್ ಅಲ್ಲ, ಬೇರೆಯದೇ ಜಾತಿಯ ಫಾಂಟ್. ಅದನ್ನು ಹೇಗೆ ಮಾಡಬೇಕು ಅನ್ನೋದರಲ್ಲಿ ನನಗೊಂದು ಖಚಿತ ಅಭಿಪ್ರಾಯವೂ ಇದೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಈಗ ಸಾಮಾನ್ಯ ಫಾಂಟಿನಿಂದ ಆಗೋ ತೊಂದರೆ ಏನು? ನೀವು ಈಗ ಓದುತ್ತಿರುವ ಅಕ್ಷರ ನಿಮ್ಮ ಕಣ್ಣಿಗೆ ಒಂದು ದಪ್ಪ ಗೆರೆಯ ಹಾಗೆ ಕಾಣುತ್ತೆ. ಆದರೆ ಫಾಂಟ್ ಫೈಲಿನೊಳಗೆ ಆ ಗೆರೆ ಇಲ್ಲವೇ ಇಲ್ಲ. ಅಲ್ಲಿರೋದು ಆ ಗೆರೆಯ ಅಂಚು ಮಾತ್ರ. ಹೊಲಕ್ಕೆ ಸುತ್ತ ಬೇಲಿ ಹಾಕಿದ ಹಾಗೆ ಅಕ್ಷರದ ಸುತ್ತ ಒಂದು ಬೇಲಿ. ಅದರೊಳಗೆ ಕಪ್ಪು ತುಂಬು ಅಂತ ಕಂಪ್ಯೂಟರಿಗೆ ಹೇಳಿರ್ತಾರೆ. ಟ್ರೂಟೈಪ್ ಇರಲಿ, ಪೋಸ್ಟ್‌ಸ್ಕ್ರಿಪ್ಟ್ ಮೂಲದ ಓಪನ್‌ಟೈಪ್ ಇರಲಿ, ಎರಡರಲ್ಲೂ ಇದೇ ಕಥೆ. ಬೇಲಿ ಮುಚ್ಚಲೇಬೇಕು. ನೀವು ಬಿಟ್ಟರೂ ಕೊನೆಯ ಬಿಂದುವಿನಿಂದ ಮೊದಲ ಬಿಂದುವಿಗೆ ತಾನೇ ಒಂದು ನೇರ ಗೆರೆ ಎಳೆದು ಮುಚ್ಚಿಬಿಡುತ್ತೆ.

ಪರದೆಗೂ ಪ್ರಿಂಟರಿಗೂ ಇದು ಸರಿ, ಅವಕ್ಕೆ ತುಂಬೋದು ಸುಲಭ. ಲೇಸರಿಗೆ ತಲೆಯೇ ಲೇಖನಿ. ಅದಕ್ಕೆ ನೀವು ಗೆರೆ ಕೊಟ್ಟರೆ ಆ ಗೆರೆಯ ಮೇಲೆ ಓಡುತ್ತೆ. ಬೇಲಿ ಕೊಟ್ಟರೆ ಬೇಲಿಯ ಮೇಲೆ ಓಡುತ್ತೆ. ಆದ್ದರಿಂದ ಒಂದು ಗೆರೆ ಇರಬೇಕಾದ ಕಡೆ ಎರಡು ಗೆರೆ, ಮಧ್ಯದಲ್ಲಿ ಸುಡದ ಒಂದು ಪಟ್ಟಿ.

ಒಂದು ಉದಾಹರಣೆ ಹಿಡಿದೇ ನೋಡೋಣ. ನಾನು ಈಚೆಗೆ ಮರಗಳಿಗೆ ತೂಗುಹಾಕುವ ಹೆಸರುಪಟ್ಟಿಗಳನ್ನು ತೆಳು ಪ್ಲೈವುಡ್ಡಿನ ಮೇಲೆ ಕೆತ್ತುತ್ತಿದ್ದೇನೆ. ಹೊಂಗೆ, ಬೇವು, ಅತ್ತಿ ಇವೆಲ್ಲ ಸಾಧು ಪ್ರಾಣಿಗಳು. ಕಾಟ ಕೊಡೋದು "ಅಶ್ವತ್ಥ". ಮೂರೇ ಅಕ್ಷರ, ಅದರಲ್ಲಿ ಎರಡಕ್ಕೆ ಒತ್ತು, ಅದರಲ್ಲೂ ಒಂದು ಥ ಒತ್ತು.

ಅಕ್ಷರದ ಎತ್ತರ 8 ಮಿಲಿಮೀಟರ್ ಇಟ್ಟುಕೊಂಡೆ. ನಾನು ಹಾಕಿದ ಫಾಂಟಿನಲ್ಲಿ ಗೆರೆಯ ದಪ್ಪ ಎತ್ತರದ ಸುಮಾರು ಹತ್ತರಲ್ಲೊಂದು, ಅಂದರೆ 0.8 ಮಿ.ಮೀ. ಪ್ಲೈವುಡ್ಡಿನ ಮೇಲೆ ನನ್ನ ಲೇಸರ್ ಸುಡುವ ಗೆರೆಯ ಅಗಲ 0.2 ಮಿ.ಮೀ. ಲೇಸರ್ ಕಿರಣ ಬೇಲಿಯ ಸರೀ ಮಧ್ಯದ ಮೇಲೆ ಓಡುವುದರಿಂದ ಅರ್ಧ, ಅಂದರೆ 0.1, ಒಳಕ್ಕೆ ತಿನ್ನುತ್ತೆ, ಇನ್ನರ್ಧ ಹೊರಕ್ಕೆ. ದೊಡ್ಡ ಅಕ್ಷರದಲ್ಲಿ ಎರಡು ಬೇಲಿಗಳ ಮಧ್ಯೆ 0.6 ಮಿ.ಮೀ. ಮರ ಉಳಿಯುತ್ತೆ. ಅದು ನೋಡೋಕೆ ಟೊಳ್ಳು ಅಕ್ಷರ. ಕೆಲವರು ಅದನ್ನೇ ಸ್ಟೈಲ್ ಅಂತ ಒಪ್ಪಿಕೊಳ್ತಾರೆ, ಒಪ್ಪಿಕೊಳ್ಳಲಿ.

ಒತ್ತಿಗೆ ಬಂದಾಗ ಸ್ಟೈಲ್ ಗೀಲ್ ಎಲ್ಲ ಮುಗೀತು. ಒತ್ತಕ್ಷರ ಮೂಲಕ್ಷರಕ್ಕಿಂತ ಚಿಕ್ಕದು, ಅದರ ಗೆರೆಯೂ ಸಣ್ಣದು. ಥ ಒತ್ತಿನ ಹೊಟ್ಟೆಯೊಳಗೆ ಒಂದು ಚುಕ್ಕೆ ಇರುತ್ತಲ್ಲ, ಅದರ ಸುತ್ತ ಖಾಲಿ ಜಾಗ ನನ್ನ ಫಾಂಟಿನಲ್ಲಿ 0.4 ಮಿ.ಮೀ. ಇತ್ತು. ಆ ಕಡೆಯ ಬೇಲಿ 0.1 ತಿಂತು, ಈ ಕಡೆಯ ಚುಕ್ಕೆಯ ಬೇಲಿ 0.1 ತಿಂತು. ಉಳಿದಿದ್ದು 0.2. ಎರಡೂ ಕಡೆಯಿಂದ ಬಿಸಿ ತಾಗಿದ ಮೇಲೆ ಅಷ್ಟು ತೆಳು ಮರ ಕಂದಾಗಿಬಿಡುತ್ತೆ. ಇನ್ನು ಚುಕ್ಕೆ ಚುಕ್ಕೆಯಾಗಿ ಉಳಿಯದೆ ಒಂದು ಪುಟಾಣಿ ಉಂಗುರ ಆಗಿತ್ತು. ಅಕ್ಷರವನ್ನು 4 ಮಿ.ಮೀ.ಗೆ ಇಳಿಸಿದರೆ ಲೆಕ್ಕ ಇನ್ನೂ ಸರಳ: 0.4 ಇದ್ದ ಖಾಲಿ ಜಾಗ 0.2 ಆಗುತ್ತೆ, ಲೇಸರ್ ತಿನ್ನೋದೂ ಅಷ್ಟೇ, ಉಳಿಯೋದು ಸೊನ್ನೆ. ಥ ಗೆ ಚುಕ್ಕೆಯೇ ಗುರುತು. ಅದು ಹೋದಮೇಲೆ ಓದುವವರು ಅದನ್ನು ಧ ಅಂದುಕೊಂಡರೆ ಅವರ ತಪ್ಪಲ್ಲ. ಇಂಗ್ಲಿಷಿನ e ಒಳಗಿನ ಕಣ್ಣು ಮುಚ್ಚಿಹೋದರೂ ಅದನ್ನು e ಅಂತಲೇ ಓದಬಹುದು. ನಮ್ಮ ಲಿಪಿಯಲ್ಲಿ ಒಂದು ಚುಕ್ಕೆ, ಒಂದು ಸೀಳು ಹೋದರೆ ಅಕ್ಷರವೇ ಬೇರೆ.

ಇನ್ನೊಂದು ಕೊಳಕು ಇದೆ, ಇದು ಫಾಂಟ್ ಒಳಗೆ ಇಣುಕಿ ನೋಡದವರಿಗೆ ಗೊತ್ತಾಗೋದಿಲ್ಲ. ಅನೇಕ ಕನ್ನಡ ಫಾಂಟುಗಳಲ್ಲಿ ಅಕ್ಷರವನ್ನು ತುಂಡುಗಳಿಂದ ಜೋಡಿಸಿರ್ತಾರೆ. ಮೈ ಒಂದು ತುಂಡು, ತಲೆಕಟ್ಟು ಒಂದು, ದೀರ್ಘ ಒಂದು. ಈ ತುಂಡುಗಳು ಒಂದರ ಮೇಲೊಂದು ಸ್ವಲ್ಪ ಹತ್ತಿರ್ತವೆ. ಪರದೆಯಲ್ಲಿ ಎಲ್ಲ ಕಪ್ಪು ತುಂಬಿರೋದರಿಂದ ಬೆಸುಗೆ ಕಾಣಲ್ಲ. ಲೇಸರ್ ಮಾತ್ರ ಪ್ರತಿ ತುಂಡಿನ ಬೇಲಿಯನ್ನೂ ಪೂರ್ತಿ ಓಡುತ್ತೆ, ತಲೆಕಟ್ಟು ಮೈಗೆ ಸೇರೋ ಕಡೆ ಅಡ್ಡಡ್ಡ ಗೀರು ಬೀಳುತ್ತೆ. ಇಂಕ್‌ಸ್ಕೇಪಿನಲ್ಲಿ `Path > Object to Path` ಮಾಡಿ, ಆಮೇಲೆ `Path > Union` ಕೊಟ್ಟರೆ ಬೆಸುಗೆಗಳು ಮಾಯ. ಅಕ್ಷರವನ್ನು ಕತ್ತರಿಸಿ ತೆಗೆಯೋದಿದ್ದರೆ ಈ ಹೆಜ್ಜೆ ಬಿಡಲೇಬೇಡಿ. ಆದರೆ ಇದು ಜೋಡಿಗೆರೆಯ ರೋಗಕ್ಕೆ ಮದ್ದಲ್ಲ.

"ಹಾಗಾದರೆ ತುಂಬಿಬಿಡಪ್ಪ" ಅಂತೀರಿ. ತುಂಬಬಹುದು. ಲೇಸರ್ ತಲೆ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಥರ ಎಡಕ್ಕೂ ಬಲಕ್ಕೂ ಓಡಾಡುತ್ತಾ ಸಾಲು ಸಾಲಾಗಿ ಸುಡುತ್ತೆ. ಚೆನ್ನಾಗೇ ಬರುತ್ತೆ. ಲೆಕ್ಕ ನೋಡಿ: "ಅಶ್ವತ್ಥ" ಒತ್ತೂ ಸೇರಿ ಸುಮಾರು 40 ಮಿ.ಮೀ. ಅಗಲ, 14 ಮಿ.ಮೀ. ಎತ್ತರ. 0.1 ಮಿ.ಮೀ.ಗೊಂದು ಸಾಲು ಅಂದರೆ 140 ಸಾಲು. ತಿರುಗೋಕೆ ಜಾಗ ಬೇಕಲ್ಲ, ಎರಡೂ ಕಡೆ 5 ಸೇರಿಸಿ ಸಾಲಿಗೆ 50 ಮಿ.ಮೀ. ಒಟ್ಟು 7000 ಮಿ.ಮೀ. ಸೆಕೆಂಡಿಗೆ 200ರಂತೆ ಓಡಿದರೂ 35 ಸೆಕೆಂಡು. ಅದೇ ಪದವನ್ನು ಒಂಟಿಗೆರೆಯಲ್ಲಿ ಬರೆದರೆ ಒಟ್ಟು ಗೆರೆ ಸುಮಾರು 160 ಮಿ.ಮೀ., ಸೆಕೆಂಡಿಗೆ 20ರಂತೆ ನಿಧಾನಕ್ಕೆ ಹೋದರೂ 8 ಸೆಕೆಂಡು. ನೂರು ಪಟ್ಟಿಗೆ ಒಂದು ಗಂಟೆಯ ಬದಲು ಕಾಲು ಗಂಟೆಗಿಂತ ಕಮ್ಮಿ. ಮಷೀನ್ ಬಾಡಿಗೆಗೆ ತಗೊಳ್ಳುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ :)

ಸಿಎನ್‌ಸಿಯಲ್ಲಂತೂ ತುಂಬೋ ಮಾತೇ ಕಷ್ಟ. 1 ಮಿ.ಮೀ. ಕತ್ತರಿ 0.8 ಮಿ.ಮೀ. ಗೆರೆಯೊಳಗೆ ಇಳಿಯೋದೇ ಇಲ್ಲ. ಚೂಪು ಮೂತಿಯ 60 ಡಿಗ್ರಿ ಬಿಟ್ ಹಾಕಿ 0.3 ಮಿ.ಮೀ. ಆಳಕ್ಕೆ ಬೇಲಿಯ ಮೇಲೆ ಓಡಿಸಿದರೆ ತೋಡಿನ ಅಗಲ ಸುಮಾರು 0.35 ಬರುತ್ತೆ. ಎರಡು ತೋಡಿನ ಮಧ್ಯೆ ಅರ್ಧ ಮಿಲಿಮೀಟರಿಗಿಂತ ತೆಳುವಾದ ಒಂದು ಗೋಡೆ ಉಳಿಯುತ್ತೆ, ಮರದ ನಾರು ಅಡ್ಡ ಬಂದ ಕಡೆಯೆಲ್ಲ ಅದು ಚಕ್ಕೆ ಎದ್ದು ಬರುತ್ತೆ. ಅದೇ ಬಿಟ್ಟು ಒಂಟಿಗೆರೆಯ ಮೇಲೆ ಒಂದೇ ಸಲ ಓಡಿದರೆ ಒಂದೇ ಶುಭ್ರವಾದ ತೋಡು. ದಪ್ಪ ಬೇಕಾದರೆ ಆಳ ಹೆಚ್ಚಿಸಿದರಾಯಿತು, 0.5 ಇಳಿಸಿದರೆ ಅಗಲ ಸುಮಾರು 0.58.

ನ್ಯಾಯವಾಗಿ ಇನ್ನೊಂದು ಮಾತು ಹೇಳಲೇಬೇಕು. ದೊಡ್ಡ ಅಕ್ಷರಕ್ಕೆ ಒಂಟಿಗೆರೆ ಬೇಡ. 40 ಮಿ.ಮೀ. ಎತ್ತರದ ಅಕ್ಷರವನ್ನು 0.2 ಗೆರೆಯಲ್ಲಿ ಬರೆದರೆ ದಾರ ಹಾಸಿದ ಹಾಗಿರುತ್ತೆ. ಮನೆ ಮುಂದಿನ ಬೋರ್ಡಿಗೆ ತುಂಬಿಸಿ, ಇಲ್ಲವೇ ಚೂಪು ಬಿಟ್ಟನ್ನು ಗೆರೆಯ ಅಗಲಕ್ಕೆ ತಕ್ಕಂತೆ ಮೇಲೆ ಕೆಳಗೆ ಮಾಡುವ ವಿ-ಕಾರ್ವ್ ಮಾಡಿ. ಅಲ್ಲಿಗೆ ಬೇಲಿ ಫಾಂಟೇ ಸರಿ, ಅದರ ದಪ್ಪ ತೆಳುವೆಲ್ಲ ಅಲ್ಲಿ ಬೆಲೆ ಬಾಳುತ್ತೆ. ನಾನು ಹೇಳ್ತಿರೋದು 10 ಮಿ.ಮೀ. ಒಳಗಿನ ಅಕ್ಷರಗಳ ಬಗ್ಗೆ.

ಈಗ 1967ಕ್ಕೆ ಬರೋಣ. ಅಮೆರಿಕದ ವರ್ಜೀನಿಯಾದ ಡಾಲ್‌ಗ್ರೆನ್‌ನಲ್ಲಿ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯ. ಅಲ್ಲಿ ಅಲೆನ್ ಹರ್ಶಿ ಅನ್ನೋ ವಿಜ್ಞಾನಿ ಕಂಪ್ಯೂಟರಿನಿಂದ ಅಕ್ಷರ ಬರೆಸೋದಕ್ಕೆ ಪ್ರತಿ ಅಕ್ಷರವನ್ನೂ ಬಿಂದುಗಳ ಪಟ್ಟಿಯಾಗಿ ಬರೆದಿಟ್ಟರು: ಇಲ್ಲಿ ಪೆನ್ ಇಡು, ಇಲ್ಲಿಗೆ ಎಳೆ, ಇಲ್ಲಿ ಎತ್ತು. ಬೇಲಿಯಿಲ್ಲ, ತುಂಬೋದಿಲ್ಲ. ರೋಮನ್, ಗ್ರೀಕ್, ರಷ್ಯನ್, ಜಪಾನಿ ಅಕ್ಷರಗಳೂ ಅದರಲ್ಲಿದ್ದವು. 1976ರಲ್ಲಿ ಅದರ ಪಾಶ್ಚಾತ್ಯ ಲಿಪಿಗಳ ಅಂಕಿಪಟ್ಟಿಗಳನ್ನು ಅಮೆರಿಕದ ಸರ್ಕಾರಿ ಮಾಪನ ಸಂಸ್ಥೆಯೇ ಪ್ರಕಟಿಸಿತು. ಇವತ್ತು ಇಂಕ್‌ಸ್ಕೇಪಿನಲ್ಲಿ `Extensions > Text > Hershey Text` ಒತ್ತಿದರೆ ಬರೋದು ಅದೇ ವಂಶ. ಆಟೋಕ್ಯಾಡ್ ಗೊತ್ತಿದ್ದವರಿಗೆ `romans.shx` ನೆನಪಿರಬೇಕು, ಅದೂ ಒಂಟಿಗೆರೆಯೇ. ಈ ಯಾವುದರಲ್ಲೂ ಕನ್ನಡ ಇಲ್ಲ.

ಸರಿ, ನಾವೇ ಕನ್ನಡ ಅಕ್ಷರಗಳನ್ನು ಗೆರೆಯಲ್ಲಿ ಬರೆದು ಆ ಇಂಕ್‌ಸ್ಕೇಪ್ ಎಕ್ಸ್‌ಟೆನ್ಷನ್ನಿಗೆ ಸೇರಿಸಿದರೆ? ಅದು ಎಸ್‌ವಿಜಿ ಫಾಂಟ್ ಓದುತ್ತೆ, ಎಸ್‌ವಿಜಿ ಫಾಂಟಿನಲ್ಲಿ ಬೇಲಿ ಮುಚ್ಚಬೇಕೆಂಬ ನಿಯಮವೂ ಇಲ್ಲ. ಇಲ್ಲೇ ಇರೋದು ನಿಜವಾದ ಗಂಟು. "ಅಶ್ವತ್ಥ" ಕಂಪ್ಯೂಟರಿನ ಒಳಗೆ ಹೀಗಿರುತ್ತೆ:

```
0C85  0CB6  0CCD  0CB5  0CA4  0CCD  0CA5
 ಅ     ಶ     ್     ವ     ತ     ್     ಥ
```

ಕಣ್ಣಿಗೆ ಮೂರಕ್ಷರ, ಒಳಗೆ ಏಳು ಸಂಕೇತ. ಈ ಏಳನ್ನು ನೋಡಿ "ಇಲ್ಲಿ ವ ಅಲ್ಲ, ವ ಒತ್ತು ಬರಬೇಕು" ಅಂತ ತೀರ್ಮಾನಿಸೋದು ಫಾಂಟಿನೊಳಗಿನ ನಿಯಮಗಳು ಮತ್ತು ಅವನ್ನು ಓದಿ ನಡೆಸುವ ಹಾರ್ಫ್‌ಬಜ್‌ನಂಥ ತಂತ್ರಾಂಶ. ಹರ್ಶಿ ಎಕ್ಸ್‌ಟೆನ್ಷನ್ ಇವರನ್ನು ಯಾರನ್ನೂ ಕೇಳೋದಿಲ್ಲ. ಒಂದು ಸಂಕೇತ ತಗೋ, ಒಂದು ಚಿತ್ರ ಇಡು, ಮುಂದಕ್ಕೆ ಸರಿ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಏಳು ಆಕಾರಗಳು ಸಾಲಾಗಿ, ಹಲಂತದ ಕೊಂಬು ಸಮೇತ, ಶಾಲೆಯ ಅಸೆಂಬ್ಲಿಯಲ್ಲಿ ನಿಂತ ಹಾಗೆ ನಿಲ್ಲುತ್ತವೆ.

ಇಲ್ಲಿ ಒಂದು ಹಳೇ ಭೂತ ಏಳುತ್ತೆ. ನುಡಿ, ಬರಹದ ಹಳೇ ಆಸ್ಕಿ ಫಾಂಟುಗಳು ನೆನಪಿವೆಯಲ್ಲ? ಅಲ್ಲಿ ಅಕ್ಷರವನ್ನು ಚೂರು ಮಾಡಿ, ಒಂದೊಂದು ಚೂರನ್ನೂ ಇಂಗ್ಲಿಷ್ ಸಂಕೇತಗಳ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದರು. ವ ಒತ್ತಿಗೇ ಒಂದು ಸಂಕೇತ, ಥ ಒತ್ತಿಗೇ ಒಂದು. ಒಂದು ಸಂಕೇತಕ್ಕೆ ಒಂದು ಚಿತ್ರ! ಮಷೀನಿನ ತಂತ್ರಾಂಶಕ್ಕೆ ಬೇಕಾಗಿರೋದು ಅದೇ. ಹಾಗಾಗಿ "ನುಡಿ ಥರದ ಒಂಟಿಗೆರೆ ಫಾಂಟ್ ಮಾಡಿಬಿಡೋಣ, ವಾರದಲ್ಲಿ ಕೆಲಸ ಮುಗಿಯುತ್ತೆ" ಅನ್ನೋ ಸಲಹೆ ಕೆತ್ತನೆಯವರಿಂದಲೇ ಕೇಳಿದ್ದೇನೆ. ತಾಂತ್ರಿಕವಾಗಿ ಅವರು ಹೇಳೋದು ನಿಜ. ಅದು ಕೆಲಸ ಮಾಡುತ್ತೆ.

ಆದರೂ ನಾನು ಬೇಡ ಅಂತೀನಿ. ಮರಗಳ ಪಟ್ಟಿ ನನಗೆ ಬಂದಿದ್ದು ಯೂನಿಕೋಡಿನಲ್ಲಿ, ಒಂದು ಸ್ಪ್ರೆಡ್‌ಶೀಟಿನಲ್ಲಿ. ಅದನ್ನು ಚೂರು ಸಂಕೇತಕ್ಕೆ ಬದಲಾಯಿಸಿದ ಗಳಿಗೆಯಿಂದ ಅದು ಕನ್ನಡವಲ್ಲ, ಅಕ್ಷರದ ಬಿಡಿಭಾಗಗಳ ಗೋದಾಮು. ಹೆಸರು ಹುಡುಕೋಕಾಗಲ್ಲ, ಅಕಾರಾದಿಯಾಗಿ ಜೋಡಿಸೋಕಾಗಲ್ಲ. ಮುಂದಿನ ವರ್ಷ ಯಾರಾದರೂ ಫೈಲ್ ತೆಗೆದು ಒಂದು ಹೆಸರು ತಿದ್ದಬೇಕೆಂದರೆ ಆ ಫಾಂಟನ್ನೇ ಹುಡುಕಿಕೊಂಡು ಹೋಗಬೇಕು. ಆ ಗುಂಡಿಯಿಂದ ಎದ್ದು ಬರೋದಕ್ಕೆ ನಾವೆಲ್ಲ ಎಷ್ಟು ವರ್ಷ ಕಷ್ಟಪಟ್ಟಿದ್ದೇವೆ ಅಂತ ಇಲ್ಲಿ ಓದುವವರಿಗೆ ಬೇರೆ ಹೇಳಬೇಕಾ?

ದಾರಿ ಇದೆ. ಚೂರುಗಳು ತಪ್ಪಲ್ಲ, ಚೂರುಗಳಿಗೆ ಸಂಕೇತ ಕೊಟ್ಟಿದ್ದು ತಪ್ಪು. ಇವತ್ತಿನ ಯೂನಿಕೋಡ್ ಫಾಂಟಿನ ಒಳಗೂ ಒತ್ತುಗಳು, ತಲೆಕಟ್ಟಿಲ್ಲದ ಮೈಗಳು ಎಲ್ಲ ಬೇರೆ ಬೇರೆ ಚಿತ್ರಗಳಾಗೇ ಇರುತ್ತವೆ. ಹೊರಗಿನ ಸಂಕೇತ ಮಾತ್ರ ಇರೋದಿಲ್ಲ. ಹಾಗಾಗಿ ಮುಕ್ತ ಪರವಾನಗಿಯ ಒಂದು ಫಾಂಟ್ ತಗೊಳ್ಳಿ (ನೋಟೋ ಸಾನ್ಸ್ ಕನ್ನಡ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿನಲ್ಲಿದೆ, ಬದಲಾಯಿಸಿ ಹಂಚಬಹುದು). ಅದರ ನಿಯಮಗಳನ್ನು ಮುಟ್ಟಬೇಡಿ. ಚಿತ್ರಗಳನ್ನು ಮಾತ್ರ ಒಂದೊಂದಾಗಿ ತೆಗೆದು, ಫಾಂಟ್‌ಫೋರ್ಜಿನಲ್ಲಿ ಬೇಲಿಯ ಜಾಗದಲ್ಲಿ ನಡುಗೆರೆ ಬರೆಯಿರಿ. ಫಾಂಟು ಬೇಲಿ ಮುಚ್ಚಲೇಬೇಕು ಅನ್ನುತ್ತಲ್ಲ, ಅದಕ್ಕೊಂದು ಉಪಾಯ: ಗೆರೆಯ ತುದಿಯವರೆಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಬೇಲಿ ಮುಚ್ಚಿತು, ಒಳಗೆ ಜಾಗವೇ ಇಲ್ಲ. ಇಂಗ್ಲಿಷಿನ ಒಂಟಿಗೆರೆ ಟ್ರೂಟೈಪ್ ಫಾಂಟುಗಳಲ್ಲೂ ಬಳಸೋ ಉಪಾಯ ಇದು.

ಇದರಿಂದ ಮೂರು ವಿಚಿತ್ರ ಆಗುತ್ತೆ, ಗೊತ್ತಿದ್ದರೆ ಹೆದರಿಕೆಯಿಲ್ಲ. ಟೈಪ್ ಮಾಡಿದಾಗ ಪರದೆಯಲ್ಲಿ ಏನೂ ಕಾಣಲ್ಲ, ಯಾಕೆಂದರೆ ಕಪ್ಪು ತುಂಬೋಕೆ ಜಾಗವೇ ಇಲ್ಲ. ಇಂಕ್‌ಸ್ಕೇಪಿನಲ್ಲಿ ಫಿಲ್ ತೆಗೆದು ಸ್ಟ್ರೋಕ್ ಹಾಕಿದರೆ ಅಕ್ಷರ ಮೂಡುತ್ತೆ, ಒತ್ತು ಗುಣಿತ ಎಲ್ಲ ಅದರದರ ಜಾಗದಲ್ಲಿ. ಎರಡನೆಯದು, ಫಾಂಟ್‌ಫೋರ್ಜಿನಲ್ಲಿ ಅಭ್ಯಾಸಬಲದಿಂದ `Remove Overlap` ಒತ್ತಬೇಡಿ, ಜಾಗವಿಲ್ಲದ ಬೇಲಿಗಳನ್ನು ಅದು ಕಸ ಅಂತ ಗುಡಿಸಿಹಾಕುತ್ತೆ. ಮೂರನೆಯದು, ಲೇಸರ್ ಪ್ರತಿ ಗೆರೆಯ ಮೇಲೂ ಎರಡು ಸಲ ಓಡುತ್ತೆ. ಸಿಎನ್‌ಸಿ ತೋಡಿಗೆ ಇದರಿಂದ ಅಷ್ಟೇನೂ ನಷ್ಟವಿಲ್ಲ. ಮರದ ಮೇಲೆ ಗೆರೆ ಕಪ್ಪಾಗಿ ಅಗಲ ಆಗುತ್ತೆ, ಸಮಯವೂ ಎರಡರಷ್ಟು. ಪವರ್ ಇಳಿಸಿ ಸಹಿಸಿಕೊಳ್ಳಬಹುದು, ಇಲ್ಲಾ ಪಾತ್ ಮಾಡಿಕೊಂಡ ಮೇಲೆ ತುದಿಯ ನೋಡ್ ಹತ್ತಿರ ಕತ್ತರಿಸಿ ವಾಪಸ್ ಬರುವ ಅರ್ಧವನ್ನು ಅಳಿಸಬಹುದು. "ಅಶ್ವತ್ಥ"ಕ್ಕೆ ನನಗೆ ಹಿಡಿದದ್ದು ಮೂರು ನಿಮಿಷ.

"ಇಷ್ಟೆಲ್ಲ ಯಾಕೆ, ಇಂಕ್‌ಸ್ಕೇಪ್ 1.0ರಿಂದ ಸೆಂಟರ್‌ಲೈನ್ ಟ್ರೇಸ್ ಇದೆಯಲ್ಲ, ಅದೇ ನಡುಗೆರೆ ಹುಡುಕಿ ಕೊಡುತ್ತೆ" ಅನ್ನಬಹುದು. ಕೊಡುತ್ತೆ, ಆದರೆ ಮಷೀನ್ ಹುಡುಕಿದ ನಡುಗೆರೆ ಬೇರೆ, ಕೈ ಎಳೆದ ಗೆರೆ ಬೇರೆ. ಗೆರೆ ಮುಗಿಯೋ ಕಡೆ ಹಾವಿನ ನಾಲಿಗೆ ಥರ ಕವಲು ಒಡೆಯುತ್ತೆ. ಎರಡು ಗೆರೆ ಸೇರೋ ಕಡೆ ಸಂಧಿ ಜಗ್ಗಿದ ಹಾಗೆ ಒಳಕ್ಕೆ ಬಾಗುತ್ತೆ. ತಲೆಕಟ್ಟು ಮೈಗೆ ಕೂಡೋ ಜಾಗ ನೋಡಿದರೆ ತಕ್ಷಣ ಗೊತ್ತಾಗುತ್ತೆ. ನೋಡ್‌ಗಳೂ ವಿಪರೀತ. ನುಣುಪಾದ ಒಂದು ತಿರುವಿನಲ್ಲಿ ಇಪ್ಪತ್ತು ಸಣ್ಣ ತುಂಡು ಇದ್ದರೆ ಲೇಸರ್ ತಲೆ ಪ್ರತಿ ಮೂಲೆಯಲ್ಲೂ ತಡವರಿಸುತ್ತೆ, ತಡವರಿಸಿದಲ್ಲೆಲ್ಲ ಹೆಚ್ಚು ಸುಡುತ್ತೆ, ಗೆರೆ ಮಣಿಸರದಂತೆ ಕಾಣುತ್ತೆ. ಜಿಆರ್‌ಬಿಎಲ್ ಮಷೀನಾದರೆ `M3` ಬದಲು `M4` ಹಾಕಿ, ವೇಗ ಇಳಿದಾಗ ಪವರ್ ಕೂಡ ಇಳಿಯುತ್ತೆ, ಮಣಿಗಳು ಕಮ್ಮಿ ಆಗುತ್ತವೆ. ಪೂರ್ತಿ ಹೋಗೋದು ಮಾತ್ರ ಗೆರೆಯನ್ನೇ ಕಮ್ಮಿ ಬಿಂದುಗಳಲ್ಲಿ ಬರೆದಾಗ.

ಎಷ್ಟು ಕೆಲಸ? ಸ್ವರ, ವ್ಯಂಜನ, ಒತ್ತು, ತಲೆಕಟ್ಟಿಲ್ಲದ ಮೈ, ಇಕಾರದ ಗುಡಿಸು ಹೊತ್ತ ರೂಪಗಳು, ಅಂಕಿಗಳು... ನನ್ನ ಅಂದಾಜಿನಲ್ಲಿ ದಿನಬಳಕೆಗೆ ಇನ್ನೂರರ ಆಸುಪಾಸು ಚಿತ್ರ. ಒಬ್ಬರಿಗೆ ಕೆಲವು ತಿಂಗಳ ಭಾನುವಾರಗಳು, ನಾಲ್ಕು ಜನ ಸೇರಿದರೆ ಇನ್ನೂ ಬೇಗ. ನಾನು ಮರಗಳ ಪಟ್ಟಿಗೆ ಬೇಕಾದಷ್ಟನ್ನು ಬರೆದುಕೊಂಡಿದ್ದೇನೆ, ಉಳಿದವು ಬಾಕಿ ಇವೆ.

ಬರೆಯುವಾಗ ಎದುರಾಗೋ ಪ್ರಶ್ನೆಗಳು ಮಜವಾಗಿವೆ. ಥ ಒತ್ತಿನ ಆ ಚುಕ್ಕೆಯನ್ನೇ ತಗೊಳ್ಳಿ. ಒಂಟಿಗೆರೆಯಲ್ಲಿ ಚುಕ್ಕೆ ಅಂದರೆ ಉದ್ದವಿಲ್ಲದ ಗೆರೆ. ಉದ್ದವಿಲ್ಲದ ಗೆರೆಯನ್ನು ಮಷೀನ್ ಬರೆಯೋದೇ ಇಲ್ಲ, ಚಲನೆ ಇಲ್ಲ ಅಂತ ಬಿಟ್ಟು ಮುಂದೆ ಹೋಗುತ್ತೆ. ಹಾಗಾಗಿ ನಾನು 0.3 ಮಿ.ಮೀ. ಉದ್ದದ ಒಂದು ಗಿಡ್ಡ ಅಡ್ಡಗೀರು ಇಟ್ಟೆ. 8 ಮಿ.ಮೀ. ಅಕ್ಷರದಲ್ಲಿ ಅದು ಚುಕ್ಕೆಯೇ ಅನ್ನಿಸುತ್ತೆ, ಸುತ್ತ ಮರ ಬೆಳ್ಳಗೆ ಉಳಿಯುತ್ತೆ.

ಇನ್ನು ಗೆರೆ ಎಲ್ಲಿಂದ ಶುರು ಆಗಬೇಕು ಅನ್ನೋದು. ಲೇಸರ್ ಹೊತ್ತಿಕೊಳ್ಳೋ ಬಿಂದುವಿನಲ್ಲಿ ಒಂದು ಚೂರು ಹೆಚ್ಚು ಸುಡುತ್ತೆ, ಅದು ಕಣ್ಣಿಗೆ ಬೀಳದ ಕಡೆ ಇರಬೇಕು. ಸ್ಲೇಟಿನ ಮೇಲೆ ತಿದ್ದುವಾಗ ಬಳಪ ಇಟ್ಟ ಜಾಗವೇ ಸಾಮಾನ್ಯವಾಗಿ ಸರಿಹೋಗುತ್ತೆ. ಣ, ಝ, ಋ ಇವುಗಳಲ್ಲಿ ಮಾತ್ರ ನಾನು ಕೇಳಿದ ಮೂವರು ಮೂರು ಕಡೆಯಿಂದ ಶುರು ಮಾಡಿದರು. ನೀವು ಎಲ್ಲಿಂದ ಶುರು ಮಾಡ್ತೀರಿ, ಎಲ್ಲಿ ಬಳಪ ಎತ್ತುತ್ತೀರಿ? ಒಂದು ಕಾಗದದ ಮೇಲೆ ಬರೆದು ನೋಡಿ ಹೇಳಿ, ಣ ಗೆ ಕೂತಿರೋದು ಅದಕ್ಕೇ.